ಇಳಿತದ ಲೆಕ್ಕ (ಡ್ರಾಡೌನ್)

ಬೆಲೆ ಅಥವಾ ಹೂಡಿಕೆಯ ಮೌಲ್ಯವು ತಾನು ಮುಟ್ಟಿದ ಗರಿಷ್ಠ ಮಟ್ಟದಿಂದ ಶೇಕಡಾ ಎಷ್ಟು ಕುಸಿದಿದೆ ಎಂಬುದರ ಅಳತೆ. 100 ರೂಪಾಯಿ 50ಕ್ಕೆ ಬಿದ್ದರೆ ಇಳಿತ ಶೇ. 50. ಮರಳಿ 100 ಆಗಲು ಬೇಕಾದದ್ದೂ ಅದೇ 50 ರೂಪಾಯಿ. ಆದರೆ ಈಗ ಕೈಯಲ್ಲಿರುವುದು 50 ಮಾತ್ರವಾದ್ದರಿಂದ ಅದು ಶೇ. 100ರ ಏರಿಕೆ. ಇಳಿತದ ಶೇಕಡಾವಾರನ್ನು ಗರಿಷ್ಠ ಮಟ್ಟದ ಮೇಲೆ, ಏರಿಕೆಯದನ್ನು ತಳದ ಮೇಲೆ ಕಟ್ಟುವುದರಿಂದ ಈ ಅಂತರ ಹುಟ್ಟುತ್ತದೆ. ಕಳೆದುಹೋದ ಪಾಲನ್ನು ಉಳಿದ ಪಾಲಿನಿಂದ ಭಾಗಿಸಿದರೆ ಬೇಕಾದ ಏರಿಕೆ ಸಿಗುತ್ತದೆ. ಸಣ್ಣ ಇಳಿತದಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ: ಶೇ. 10ಕ್ಕೆ 11 ಸಾಕು. ಶೇ. 80ಕ್ಕೆ 400 ಬೇಕು.

ತುಮಕೂರು ಜಿಲ್ಲೆಯ ತೆಂಗಿನ ಸೀಮೆ ಇದನ್ನು ಉಂಡೆ ಕೊಬ್ಬರಿಯಲ್ಲಿ ಕಂಡಿದೆ. ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ 18 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಧಾರಣೆ 2023ರಲ್ಲಿ 8 ಸಾವಿರದ ಸುತ್ತಮುತ್ತ ಬಂದು ನಿಂತಿತು. ಇಳಿತ ಸುಮಾರು ಶೇ. 56, ಹಳೆಯ ಧಾರಣೆ ಮುಟ್ಟಲು ಬೇಕಾದ ಏರಿಕೆ ಶೇ. 125. ಕೇಂದ್ರ ಸರ್ಕಾರ 2024ರ ಹಂಗಾಮಿಗೆ 12,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ತಳದಿಂದ ನೋಡಿದರೆ ಇದು ಶೇ. 50 ಹೆಚ್ಚು, ಮೇಲಿನಿಂದ ನೋಡಿದರೆ ಇನ್ನೂ ಮೂರನೇ ಒಂದು ಭಾಗ ಕಡಿಮೆ. ಎರಡೂ ಮಾತು ನಿಜ. ಯಾರಾದರೂ ಒಂದನ್ನೇ ಹೇಳಿದಾಗ ಯಾವ ಬೆಲೆಯ ಮೇಲೆ ಲೆಕ್ಕ ಹಾಕಿದ್ದಾರೆಂದು ಕೇಳಬೇಕಾಗುತ್ತದೆ. 2025ರಲ್ಲಿ ಧಾರಣೆ ಹಳೆಯ ಎತ್ತರವನ್ನೂ ದಾಟಿತು.

ಧಾರಣೆ ಚೇತರಿಸಿಕೊಂಡ ಮಾತ್ರಕ್ಕೆ ದಾಸ್ತಾನಿಟ್ಟವರ ಹಣವೂ ಚೇತರಿಸಿಕೊಳ್ಳಬೇಕೆಂದಿಲ್ಲ. 10 ಕ್ವಿಂಟಾಲ್ ಕೊಬ್ಬರಿ ಉಳ್ಳವರನ್ನು ಊಹಿಸಿಕೊಳ್ಳೋಣ: 18 ಸಾವಿರದ ಧಾರಣೆಯಲ್ಲಿ ಅದರ ಬೆಲೆ 1.8 ಲಕ್ಷ. ಸಾಲದ ಕಂತಿಗೋ ಮದುವೆಗೋ 8 ಸಾವಿರದಲ್ಲಿ ಅರ್ಧ ಮಾರಿದರೆ 40 ಸಾವಿರ ಕೈಗೆ ಬರುತ್ತದೆ. ಒಟ್ಟು ಮತ್ತೆ 1.8 ಲಕ್ಷ ಆಗಬೇಕಾದರೆ ಉಳಿದ 5 ಕ್ವಿಂಟಾಲಿನಿಂದ 1.4 ಲಕ್ಷ ಬರಬೇಕು, ಅಂದರೆ ಕ್ವಿಂಟಾಲಿಗೆ 28 ಸಾವಿರ. ಶೇ. 125ರ ಜಾಗದಲ್ಲಿ ಶೇ. 250 ಏರಬೇಕಾಯಿತು. ಅಟ್ಟದಲ್ಲಿ ಒಣಗುತ್ತ ಕಳೆದುಕೊಳ್ಳುವ ತೂಕವನ್ನು ಇಲ್ಲಿ ಸೇರಿಸಿಲ್ಲ.

ಪ್ರತಿ ಕೊಯ್ಲನ್ನು ಆಗಿಂದಾಗಲೇ ಮಾರುವ ಬೆಳೆಗಾರರಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅವರಿಗೆ ಆಗುವುದು ಆ ವರ್ಷದ ಆದಾಯದ ನಷ್ಟ. ಮುಂದಿನ ಫಸಲು ಹೊಸ ಧಾರಣೆಯಲ್ಲಿ ಹೊಸದಾಗಿ ಶುರುವಾಗುತ್ತದೆ. ಲೆಕ್ಕ ನೇರವಾಗಿ ಕೂರುವುದು ಇಟ್ಟ ಮಾಲಿಗೆ, ಷೇರಿಗೆ.

ಷೇರುಪೇಟೆಯಲ್ಲಿ ಸೆನ್ಸೆಕ್ಸ್ 2008ರ ಜನವರಿಯ 20,873ರಿಂದ 2009ರ ಮಾರ್ಚ್‌ನಲ್ಲಿ 8,160ಕ್ಕೆ ಇಳಿದಿತ್ತು. ಶೇ. 61ರ ಆ ಇಳಿತವನ್ನು ತುಂಬಲು ಶೇ. 156ರಷ್ಟು ಏರಬೇಕಾಯಿತು. ಬೀಳಲು 14 ತಿಂಗಳು ಹಿಡಿಯಿತು. ಮೇಲೇರಿ ಹಳೆಯ ಮಟ್ಟ ದಾಟಿದ್ದು 2010ರ ನವೆಂಬರ್‌ನಲ್ಲಿ.