ಶಕ 1551ರ ಒಂದು ಮನೆ: ಜೇಧೆ ಶಕಾವಳಿಯೂ ಕಾರ್ಯಕಾರಣಪಟದ ಒಂದು ಬಾಣವೂ

ಪುಣೆಯಲ್ಲಿಯೇ ನೆಲೆಸಿರುವ ಬಾಲಭಾರತಿಯು ಮರಾಠಿಯೊಡನೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತಿರುವುದು ಈ ಊರಿನ ಕನ್ನಡಿಗರಿಗೆ ತಿಳಿದ ಸಂಗತಿ. ಅಂತಹ ಪುಸ್ತಕದ ಶಿವಕಾಲದ ದೀರ್ಘ ಪಾಠವನ್ನು, ಪರೀಕ್ಷೆಯ ಮುನ್ನಾದಿನಗಳ ಪುನರಾವರ್ತನೆಗೆಂದು, ಒಂದೇ ಹಾಳೆಯ ಮೇಲೆ ಎಡಕ್ಕೆ ಕಾಲರೇಖೆಯಾಗಿಯೂ ಬಲಕ್ಕೆ ಕಾರ್ಯಕಾರಣಪಟವಾಗಿಯೂ ಅಡಕಮಾಡಿಕೊಟ್ಟ ಹಿರಿಯ ವಿದ್ವಾಂಸರೊಬ್ಬರ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಆ ಹಾಳೆಯ ಒಂದು ಮನೆಯಲ್ಲಿ ಅವರು ಬರೆದಿರುವುದನ್ನೂ, ಆ ಮನೆಯಿಂದ ಹೊರಡಿಸಿರುವ ಒಂದು ಬಾಣವನ್ನೂ ಒಪ್ಪುವುದು ನನ್ನಿಂದಾಗದು. ಮನೆಯಲ್ಲಿರುವುದು ಇಷ್ಟು: ‘ಶಕ 1551, ಅಂದರೆ ಕ್ರಿ.ಶ. 1629: ಶಿವಾಜಿಯ ಜನನ; ಲಖುಜಿ ಜಾಧವರ ವಧೆ.’ ಬಾಣವಿರುವುದು ಹೀಗೆ: ‘ಲಖುಜಿಯು ಅಳಿಯನಾದ ಶಹಾಜಿಯನ್ನು ಬೆನ್ನಟ್ಟಿದುದು, ಆ ಕಾರಣದಿಂದ ಗರ್ಭಿಣಿ ಜೀಜಾಬಾಯಿ ಶಿವನೇರಿಯಲ್ಲಿ ಉಳಿದುದು.’ ಇದಕ್ಕೆ ಆಧಾರವೆಂದು ಅವರು ಹೆಸರಿಸಿರುವುದು ಜೇಧೆ ಶಕಾವಳಿಯನ್ನು. ಆ ಬಾಣವನ್ನು ಅಸಾಧ್ಯಗೊಳಿಸುವ ಗ್ರಂಥವನ್ನೇ ಅದಕ್ಕೆ ಸಾಕ್ಷಿಯಾಗಿ ಕರೆದಿರುವುದೇ ಈ ಲೇಖನಕ್ಕೆ ಕಾರಣವಾಯಿತು.

ಜೇಧೆ ಶಕಾವಳಿಯು ಭೋರ ಸೀಮೆಯ ಕಾರಿ ಗ್ರಾಮದ ದೇಶಮುಖರಾದ ಜೇಧೆ ಮನೆತನದಲ್ಲಿ ಉಳಿದುಬಂದುದು. 1916ರಲ್ಲಿ ಲೋಕಮಾನ್ಯ ತಿಲಕರು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದ ಮೂಲಕ ಅದನ್ನು ಬೆಳಕಿಗೆ ತಂದರು. 1925ರಲ್ಲಿ ಆಪ್ಟೆ ಮತ್ತು ದಿವೇಕರರ ‘ಶಿವಚರಿತ್ರಪ್ರದೀಪ’ದಲ್ಲಿ ಅದು ಮತ್ತೆ ಅಚ್ಚಾಯಿತು. ಶಕ 1540ರಿಂದ 1619ರವರೆಗಿನ ಘಟನೆಗಳನ್ನು ವರ್ಷ, ಮಾಸ, ತಿಥಿಗಳೊಡನೆ ಒಂದೊಂದು ಸಾಲಿನಲ್ಲಿ ಹೇಳಿ ಮುಗಿಸುವ ಈ ಪತ್ರವು, ನಮ್ಮ ಶಾಲೆಗಳ ಕಾಲರೇಖೆಗೆ ಮೂರು ಶತಮಾನಗಳ ಹಿಂದಿನ ಜ್ಯೇಷ್ಠ ಬಂಧುವೆನ್ನಬಹುದು. ಅದರಲ್ಲಿ ‘ಏಕೆಂದರೆ’ ಎಂಬ ಮಾತು ಅಪೂರ್ವ. ಕಾರಣವನ್ನು ಹೇಳುವುದು ಅದರ ಉದ್ದೇಶವಲ್ಲ. ಯಾವುದು ಯಾವುದಕ್ಕೆ ಮೊದಲು ಎಂಬುದನ್ನು ಹೇಳುವುದು ಅದರ ಉದ್ದೇಶ. ಹಾಗಿರುವಲ್ಲಿ ಅದರಿಂದ ಬಾಣಗಳನ್ನು ಪಡೆಯಲಾಗದು. ಬೇರೆಡೆಯಿಂದ ತಂದ ಬಾಣವು ನಿಲ್ಲುವುದೋ ಬೀಳುವುದೋ ಎಂಬುದನ್ನು ಮಾತ್ರ ಅದರಿಂದ ಪರೀಕ್ಷಿಸಬಹುದು.

ಶಿವಾಜಿಯ ಜನನವನ್ನು ಶಕಾವಳಿಯು ಶಕ 1551ರ ಫಾಲ್ಗುಣ ಬಹುಳ ತದಿಗೆ, ಶುಕ್ರವಾರ, ಶಿವನೇರಿ ಎಂದು ನಮೂದಿಸಿದೆ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರ್ಷ ದೊರೆಯುವುದೆಂಬ ಸೂತ್ರವನ್ನು ಬಾಲ್ಯದಲ್ಲಿ ಕಲಿತವರು 1629 ಎಂದು ಬರೆದುಬಿಡುವುದು ಸಹಜ. ಆದರೆ ಶಕವರ್ಷವು ಚೈತ್ರದಲ್ಲಿ, ಅಂದರೆ ಮಾರ್ಚ್ ತಿಂಗಳ ಸುಮಾರಿಗೆ ಆರಂಭವಾಗುವುದರಿಂದ, ಅದರ ಕೊನೆಯ ಮಾಸಗಳು ಮುಂದಿನ ಕ್ರಿಸ್ತವರ್ಷದೊಳಕ್ಕೆ ಚಾಚಿರುತ್ತವೆ, ಫಾಲ್ಗುಣವಂತೂ ಕಟ್ಟಕಡೆಯದು. ಆ ಮಾಸಕ್ಕೆ ಕೂಡಿಸಬೇಕಾದುದು 79. ಹಾಗೆ ಕೂಡಿಸಿದಾಗ ದೊರೆಯುವ ದಿನ 1630ರ ಫೆಬ್ರವರಿ 19. ಮಹಾರಾಷ್ಟ್ರವು ಇಂದು ಶಿವಜಯಂತಿಯನ್ನಾಚರಿಸುವುದು ಈ ದಿನವೇ. ಇದೇ ಶಕ 1551ರ ಶ್ರಾವಣವಾದರೋ 1629ರ ಜುಲೈಗೆ ಬರುತ್ತದೆ. ದೌಲತಾಬಾದಿನಲ್ಲಿ ನಿಜಾಮಶಾಹನ ಅಪ್ಪಣೆಯಿಂದ ಲಖುಜಿ ಜಾಧವನು ತನ್ನ ಮಕ್ಕಳೊಡನೆ ಕೊಲೆಯಾದುದು ಆಗ. ಒಂದೇ ಶಕವರ್ಷದ ಎರಡು ಘಟನೆಗಳು ಹೀಗೆ ಎರಡು ಕ್ರಿಸ್ತವರ್ಷಗಳಿಗೆ ಹಂಚಿಹೋಗುತ್ತವೆ. ಅವುಗಳ ನಡುವೆ ಏಳು ತಿಂಗಳ ಅಂತರವಿದೆ.

ನಮ್ಮ ಹಿರಿಯರ ಮನೆಯಲ್ಲಿ ಈ ಅಂತರವು ಅಳಿಸಿಹೋದುದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪ್ರಮಾದವು ಅಲ್ಲಿಗೆ ನಿಲ್ಲುವುದಿಲ್ಲ. ವರ್ಷವನ್ನು 1629 ಎಂದು ಬರೆದುಕೊಂಡ ವಿದ್ಯಾರ್ಥಿಯು, ಶಿವಜಯಂತಿ ಫೆಬ್ರವರಿಯಲ್ಲೆಂಬುದನ್ನು ಪ್ರತಿವರ್ಷವೂ ಕಣ್ಣಾರೆ ಕಾಣುವವನಾದುದರಿಂದ, ಎರಡನ್ನೂ ಜೋಡಿಸಿ 1629ರ ಫೆಬ್ರವರಿ ಎಂದು ಗ್ರಹಿಸುತ್ತಾನೆ. ಆಗ ಜನನವು ಜುಲೈ ತಿಂಗಳ ವಧೆಗಿಂತ ಮೊದಲಾಗುತ್ತದೆ. ಲಖುಜಿಯು ಇನ್ನೂ ಬದುಕಿರುತ್ತಾನೆ. ಸೇನೆಯೊಡನೆ ಅಳಿಯನನ್ನು ಬೆನ್ನಟ್ಟಿ ಬಂದು ದಾರಿಯಲ್ಲಿ ಸಿಕ್ಕಿದ ಗರ್ಭಿಣಿ ಮಗಳನ್ನು ಶಿವನೇರಿಯಲ್ಲಿರಿಸಿದನೆಂಬ ಬಖರುಗಳ ಕಥೆಗೆ ಅವಕಾಶ ದೊರೆಯುತ್ತದೆ. ಒಂದು ಕೂಡಿಕೆಯ ತಪ್ಪು, ಸತ್ತವನನ್ನು ಎಬ್ಬಿಸಿ ಕುದುರೆಯೇರಿಸಿ ಕಾರಣದ ಮನೆಯಲ್ಲಿ ನಿಲ್ಲಿಸಿದಂತಾಯಿತು. 1630 ಎಂದು ಸರಿಯಾಗಿ ಬರೆದರೆ, ಪ್ರಸವಕ್ಕೆ ಏಳು ತಿಂಗಳ ಮೊದಲೇ ಲಖುಜಿಯು ಇಲ್ಲವಾಗಿದ್ದಾನೆ. ತುಂಬುಗರ್ಭಿಣಿಯ ಬೆನ್ನಟ್ಟುವಿಕೆಗೆ ಅಲ್ಲಿ ಸ್ಥಳವೇ ಇಲ್ಲ.

ತಪ್ಪನ್ನು ಹಿಡಿಯುವ ಉಪಾಯವು ಶಕಾವಳಿಯ ಅದೇ ಸಾಲಿನಲ್ಲಿದೆ, ಮತ್ತು ಸಂಕ್ಷೇಪಕಾರರು ಮೊದಲು ಕತ್ತರಿಸಿ ಎಸೆಯುವುದೂ ಅದನ್ನೇ: ವಾರ. 1630ರ ಫೆಬ್ರವರಿ 19ನ್ನು ಜೂಲಿಯನ್ ಪಂಚಾಂಗದಂತೆ ಎಣಿಸಿದರೆ ಅಂದು ಶುಕ್ರವಾರವೇ ಬರುತ್ತದೆ. 1629ರ ಆರಂಭದಲ್ಲಿ ಬಂದ ಫಾಲ್ಗುಣವಾದರೋ ಶಕ 1550ರದು. ಅದರ ಬಹುಳ ತದಿಗೆ ಮಾರ್ಚ್ ತಿಂಗಳ ಮೊದಲ ದಿನಗಳಲ್ಲಿ, ವಾರದ ಆದಿಭಾಗದಲ್ಲಿ ಬೀಳುವುದೇ ಹೊರತು ಶುಕ್ರವಾರದಂದಲ್ಲ. ವಾರವೊಂದನ್ನು ಉಳಿಸಿಕೊಂಡಿದ್ದರೆ ಹಾಳೆಯು ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತಿತ್ತು.

ನಮ್ಮ ಹಿರಿಯರ ಪಕ್ಷದಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬಹುದು. ಆ ಕಾಲದ ಇಂಗ್ಲಿಷ್ ವರ್ತಕರ ಹೊಸವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತಾದುದರಿಂದ ಸೂರತಿನ ಕೋಠಿಯವನೊಬ್ಬನು ಈ ದಿನವನ್ನು 1629ರ ಫೆಬ್ರವರಿಯೆಂದೇ ಬರೆಯುತ್ತಿದ್ದನು. ಗೋವೆಯ ಪೋರ್ಚುಗೀಸನಾದರೋ ಗ್ರೆಗೋರಿಯನ್ ಗಣನೆಯಂತೆ ಅದನ್ನೇ 1630ರ ಮಾರ್ಚ್ 1 ಎನ್ನುತ್ತಿದ್ದನು. ಮೂರೂ ಬರಹಗಳು ಒಂದೇ ದಿನವನ್ನು ಕುರಿತವು. ಆದರೆ ಈ ರಕ್ಷಣೆಯು ಅವರಿಗೆ ಒದಗುವುದಿಲ್ಲ: ಅವರು ಕೋಠಿಯ ಪತ್ರಗಳನ್ನು ಆಧರಿಸಿದವರಲ್ಲ, ಮೇಲಾಗಿ ಪಟದಲ್ಲಿ ಎಲ್ಲಿಯೂ ಯಾವ ಗಣನೆಯೆಂಬುದನ್ನು ಸೂಚಿಸಿಲ್ಲ. ಹಾಳೆಯ ತಲೆಯಲ್ಲಿ ‘ದಿನಾಂಕಗಳೆಲ್ಲವೂ ಜೂಲಿಯನ್, ವರ್ಷಾರಂಭ ಜನವರಿ’ ಎಂಬ ಒಂದು ಸಾಲು ಇರಲೇಬೇಕು.

ಹಾಗಾದರೆ ಜೀಜಾಬಾಯಿಯು ಶಿವನೇರಿಯಲ್ಲಿದ್ದುದೇಕೆ? ಕಾರಣದ ಮನೆಯನ್ನು ಬರಿದು ಬಿಡಬೇಕಾಗಿಲ್ಲ. ಶಿವಾಜಿಯ ಕಾಲದಲ್ಲಿಯೇ ಕವೀಂದ್ರ ಪರಮಾನಂದನು ರಚಿಸಿದ ಸಂಸ್ಕೃತ ‘ಶಿವಭಾರತ’ವು ಜನನಕ್ಕೆ ಇದೇ ಶಕ 1551ರ ಫಾಲ್ಗುಣ ಬಹುಳ ತದಿಗೆಯನ್ನು ಹೇಳುವುದಲ್ಲದೆ, ಶಿವನೇರಿಯ ವಿಜಯರಾಜನ ಮಗಳನ್ನು ಶಹಾಜಿಯು ತನ್ನ ಹಿರಿಯ ಮಗ ಸಂಭಾಜಿಗೆ ತಂದುಕೊಂಡುದನ್ನೂ, ಬೀಗರ ರಕ್ಷಣೆಯಲ್ಲಿ ಪತ್ನಿಯನ್ನು ಬಿಟ್ಟು ಯುದ್ಧಕ್ಕೆ ತೆರಳಿದುದನ್ನೂ ಹೇಳುತ್ತದೆ. ಕಾವ್ಯವಾದುದರಿಂದ ಇದನ್ನು ಗಟ್ಟಿರೇಖೆಯಲ್ಲಿ ಎಳೆಯಲು ನಾನು ಹಿಂಜರಿಯುತ್ತೇನೆ, ಚುಕ್ಕಿರೇಖೆಯಲ್ಲಿ ಎಳೆಯಬಹುದು. ಕಾಲಕ್ರಮವು ಇದನ್ನು ನಿಷೇಧಿಸುವುದಿಲ್ಲ, ಸಮೀಪಕಾಲದ ಸಾಕ್ಷಿಯೊಂದು ಇದನ್ನು ಬಾಯಿಬಿಟ್ಟು ಹೇಳುತ್ತದೆ. ಚುಕ್ಕಿಗೆ ಇಷ್ಟು ಸಾಕು. ಮಾವನ ಬೆನ್ನಟ್ಟುವಿಕೆಗೆ ಈ ಎರಡೂ ಇಲ್ಲ.

ಗ್ರಾಂಟ್ ಡಫನು 1826ರಲ್ಲಿ ಜನನವನ್ನು 1627ಕ್ಕೆ ಇರಿಸಿದುದನ್ನು ನಾನು ಆಕ್ಷೇಪಿಸುವುದಿಲ್ಲ; ಅವನ ಮೇಜಿನ ಮೇಲೆ ಶಕಾವಳಿಯಿರಲಿಲ್ಲ. ಶಕಾವಳಿಯು ಅಚ್ಚಾಗಿ ಮೂರು ವರ್ಷಗಳಾದ ಮೇಲೆಯೂ ಯದುನಾಥ ಸರಕಾರರು 1627ನ್ನೇ ಇಟ್ಟುಕೊಂಡುದು ಪುಣೆಯ ಮಂಡಳದ ಉಪ್ಪುಂಡ ನನ್ನಂಥವರಿಗೆ ಹಿಡಿಸದ ಮಾತು, ಆದರೂ ಪಾರಸಿ ಆಕರಗಳಲ್ಲಿ ಅವರ ಪಾಂಡಿತ್ಯವನ್ನು ಅಲ್ಲಗಳೆಯುವಷ್ಟು ಪಕ್ಷಪಾತಿ ನಾನಲ್ಲ. ಗಮನಿಸಬೇಕಾದುದೆಂದರೆ, 1627ರ ಪಕ್ಷದಲ್ಲಿ ಕನಿಷ್ಠ ಒಂದು ಸುಸಂಗತಿಯಿದೆ: ಅಲ್ಲಿ ಲಖುಜಿಯು ಬದುಕಿರುವುದರಿಂದ ಬಖರಿನ ಬಾಣ ನಿಲ್ಲುತ್ತದೆ. ನಮ್ಮ ಹಿರಿಯರ ಪಟವು ಒಂದು ಪಕ್ಷದ ವರ್ಷವನ್ನೂ ಇನ್ನೊಂದು ಪಕ್ಷದ ಕಾರಣವನ್ನೂ ತೆಗೆದುಕೊಂಡು ಒಂದೇ ಹಾಳೆಯಲ್ಲಿ ಹೊಲಿದುಬಿಟ್ಟಿದೆ.

ಮಕ್ಕಳ ಮೇಲೆ ಮಾಸ, ತಿಥಿಗಳ ಹೊರೆಯನ್ನು ಹೇರಬೇಕೆ ಎಂದು ಆಕ್ಷೇಪಿಸಬಹುದು. ಎಲ್ಲ ಘಟನೆಗಳಿಗೂ ಬೇಡ. ಒಂದೇ ವರ್ಷದ ಮನೆಯಲ್ಲಿ ಎರಡು ಘಟನೆಗಳಿದ್ದು, ಅವುಗಳ ನಡುವೆ ಬಾಣವನ್ನೆಳೆಯುವ ಆಸೆಯಿದ್ದಲ್ಲಿ ಮಾತ್ರ ಮಾಸವನ್ನು ಉಳಿಸತಕ್ಕದ್ದು. ಬಾಣವಿಲ್ಲದೆಡೆ ವರ್ಷವೇ ಸಾಕು. ಆದುದರಿಂದ ಮೊದಲು ಕಾಲರೇಖೆಯನ್ನು ಮುಗಿಸಿ ಆಮೇಲೆ ಬಾಣಗಳಿಗೆ ಕೈಹಾಕುವ ರೂಢಿಯೇ ತಪ್ಪೆಂದು ನನ್ನ ಅಭಿಪ್ರಾಯ. ಪಾಠದಲ್ಲಿ ‘ಆದಕಾರಣ’, ‘ಇದರಿಂದಾಗಿ’ ಎಂದು ಬಂದಿರುವ ವಾಕ್ಯಗಳನ್ನು ಮೊದಲು ಗುರುತಿಸಿಕೊಂಡು, ಅವುಗಳ ಎರಡು ತುದಿಗಳಿಗೆ ಬೇಕಾದಷ್ಟು ಸೂಕ್ಷ್ಮವಾದ ಕಾಲವನ್ನು ರೇಖೆಯಲ್ಲಿ ಒದಗಿಸಬೇಕು. ಶಕಾವಳಿಯನ್ನೇ ಕಣ್ಣುಮುಚ್ಚಿ ನಕಲುಮಾಡುವುದೂ ಸಲ್ಲದು. ಅದು ದೇಶಮುಖರ ಮನೆಯೊಂದರ ದೃಷ್ಟಿಯಿಂದ ಆಯ್ದ ಸಂಗ್ರಹ, ತನ್ನ ಮನೆತನಕ್ಕೆ ತಾಗಿದುದನ್ನು ಅದು ಹೆಚ್ಚಾಗಿ ನೆನೆಯುತ್ತದೆ, ಅದರ ಮೌನದಿಂದ ಏನೂ ನಡೆಯಲಿಲ್ಲವೆಂದು ತೀರ್ಮಾನಿಸಲಾಗದು.

ಕನ್ನಡಿಗನಾಗಿ ನನಗೆ ನೋವುಂಟುಮಾಡಿದ ಲೋಪವೊಂದು ಆ ಹಾಳೆಯಲ್ಲಿ ಉಳಿದಿದೆ. ಶಿವನೇರಿಯಿಂದ ಹೊರಟ ಅವರ ರೇಖೆಯು ನೇರವಾಗಿ ಪುಣೆಯ ಜಹಗೀರಿಗೆ ಬಂದು, ನಡುವಣ ಕರ್ನಾಟಕವನ್ನು ಪೂರ್ತಿಯಾಗಿ ಬಿಟ್ಟುಬಿಟ್ಟಿದೆ. 1636ರಲ್ಲಿ ಮೊಗಲರಿಗೂ ಆದಿಲಶಾಹಿಗೂ ಒಪ್ಪಂದವಾಗಿ ನಿಜಾಮಶಾಹಿಯು ಅಳಿದುದು, ಆದಕಾರಣ ಶಹಾಜಿಯು ಬಿಜಾಪುರದ ಸೇವೆಗೆ ಬಂದುದು, ಬಿಜಾಪುರವು ಅವನನ್ನು ದಕ್ಷಿಣದ ದಂಡಿನೊಡನೆ ಕಳುಹಿಸಿದುದು, 1638ರಲ್ಲಿ ಕೆಂಪೇಗೌಡರ ಬೆಂಗಳೂರು ಆ ದಂಡಿಗೆ ವಶವಾಗಿ ಅವನ ನೆಲೆಯಾದುದು: ಈ ಸರಪಳಿಯಲ್ಲಿ ಪ್ರತಿ ಕೊಂಡಿಗೂ ಹಿಂದಿನದು ಮೊದಲಿನದು, ಪ್ರತಿಯೊಂದನ್ನೂ ಗಟ್ಟಿರೇಖೆಯಲ್ಲಿ ಎಳೆಯಬಹುದು. ಮಗನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಪುಣೆಗೆ ಕಳುಹಿಸಿದನೆಂದು ‘ಶಿವಭಾರತ’ವು ಹೇಳುವುದನ್ನು 1630ಕ್ಕೆ ಕೂಡಿಸಿದರೆ 1642ರ ಆಸುಪಾಸಾಗುತ್ತದೆ, 1627ಕ್ಕೆ ಕೂಡಿಸಿದರೆ 1639 ಬಂದು, ಬೆಂಗಳೂರಿನ ವಾಸಕ್ಕೆ ಒಂದು ವರ್ಷವೂ ಸರಿಯಾಗಿ ಉಳಿಯುವುದಿಲ್ಲ. ಪರಿಷ್ಕೃತ ಹಾಳೆಯಲ್ಲಿ ಶಿವನೇರಿಗೂ ಪುಣೆಗೂ ನಡುವೆ ‘1638–1642, ಬೆಂಗಳೂರು’ ಎಂಬ ಮನೆಯೊಂದನ್ನು ಚುಕ್ಕಿರೇಖೆಯಿಂದ ಸುತ್ತಿ ಸೇರಿಸತಕ್ಕದ್ದು. ಅದರ ಬದಿಯಲ್ಲಿ ಆಧಾರವನ್ನು ‘ಶಿವಭಾರತ’ವೆಂದು ಬರೆಯತಕ್ಕದ್ದು.