ದಿಲ್ಲಿ ವ್ಯಾಪಾರಿಗಳ ದೂರು, ಬೆಂಗಳೂರಿನ ಕೋರ್ಟು

ಸತ್ತಿಯ ಅಂಗಡಿಕಾರರು ಓದುವ ಸಂಚಿಕೆಯಲ್ಲಿ ದಿಲ್ಲಿಯ ಸಂಘದ ಕತೆ ಯಾಕೆ ಎಂದು ಕೆಲವರು ಕೇಳಬಹುದು. ಯಾವುದೇ ದೊಡ್ಡ ಹೋಲ್‌ಸೇಲ್ ವ್ಯಾಪಾರಿ "ನಮ್ಮ ಮಾಲು ಬೇಕಂದ್ರ ಬ್ಯಾರೇದವರದು ಇಡಬ್ಯಾಡ್ರಿ" ಅಂದರೆ ಸಣ್ಣ ಅಂಗಡಿಯವ ಯಾರ ಹತ್ತಿರ ಹೋಗಬೇಕು, ಹೋಗಿ ಏನು ಹೇಳಬೇಕು ಎಂಬುದು ಈ ಕತೆಯಲ್ಲಿದೆ.

ದಿಲ್ಲಿ ವ್ಯಾಪಾರ ಮಹಾಸಂಘದಲ್ಲಿ ಮೊಬೈಲ್ ಮಾರುವ ಸಣ್ಣ ವ್ಯಾಪಾರಿಗಳು ಬಹಳ. 2019ರಲ್ಲಿ ಅದು ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಹೊಸ ಫೋನು ಅವರ ತಾಣದಲ್ಲಿ ಮಾತ್ರ ಬಿಡುಗಡೆಯಾಗುತ್ತದೆ, ಅದೂ ಅವರಿಗೆ ಬೇಕಾದ ಕೆಲವೇ ಮಾರಾಟಗಾರರ ಮೂಲಕ. ಭಾರಿ ರಿಯಾಯಿತಿಯೂ ಹುಡುಕಾಟದಲ್ಲಿ ಮೇಲಿನ ಜಾಗವೂ ಆ ಮಾರಾಟಗಾರರಿಗೇ. ಗಿರಾಕಿ ಕೇಳುವ ಫೋನು ನಮ್ಮ ಕಪಾಟಿಗೆ ಬರುವುದೇ ಇಲ್ಲ ಎಂಬುದು ಸಂಘದ ಅಳಲು.

ದೂರು ಎರಡು ಬಾಗಿಲು ತಟ್ಟಿತ್ತು. ಒಂದು, ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್: ಇಬ್ಬರೂ ಸೇರಿ ಪ್ರಬಲ ಸ್ಥಾನ ದುರ್ಬಳಕೆ ಮಾಡುತ್ತಿದ್ದಾರೆ ಎಂಬ ವಾದ. ಅದು ತೆರೆಯಲಿಲ್ಲ. ಪ್ರಾಬಲ್ಯ ಒಬ್ಬರದಾಗಿರಬೇಕು, ಇಬ್ಬರ ಜಂಟಿ ಪ್ರಾಬಲ್ಯವನ್ನು ನಮ್ಮ ಕಾಯ್ದೆ ಒಪ್ಪುವುದಿಲ್ಲ ಎಂದಿತು ಆಯೋಗ. ಇನ್ನೊಂದು 3ನೇ ಸೆಕ್ಷನ್. ಇಲ್ಲಿ ಎದುರಾಳಿ ಎಷ್ಟು ದೊಡ್ಡವನು ಎಂಬುದಕ್ಕಿಂತ ಒಪ್ಪಂದ ಎಂಥದು ಎಂಬುದು ಮುಖ್ಯ. ಪೂರೈಸುವವನೂ ಮಾರುವವನೂ ಮಾಡಿಕೊಂಡ ವಿಶೇಷ ಪೂರೈಕೆಯ ಕರಾರು ತಾನಾಗಿಯೇ ತಪ್ಪಲ್ಲ. ಅದರಿಂದ ಪೇಟೆಯ ಸ್ಪರ್ಧೆಗೆ ಗಣನೀಯ ಪೆಟ್ಟು ಬೀಳುತ್ತದೆಂದು ತೋರಿಸಬೇಕು. ವಿಶೇಷ ಬಿಡುಗಡೆ, ಆಯ್ದ ಮಾರಾಟಗಾರರು, ರಿಯಾಯಿತಿ ಒಂದಕ್ಕೊಂದು ಹೆಣೆದುಕೊಂಡಿದ್ದನ್ನು ನೋಡಿ 2020ರ ಜನವರಿ 13ರಂದು ಆಯೋಗ ತನಿಖೆಗೆ ಆದೇಶಿಸಿತು. ನನ್ನ ಮಟ್ಟಿಗೆ ದೂರನ್ನು ಉಳಿಸಿದ್ದು ಈ ಎರಡನೇ ಬಾಗಿಲೇ. 'ಅವರು ದೊಡ್ಡವರು, ನಾವು ಮುಳುಗಿದೆವು' ಎಂದಷ್ಟೇ ಬರೆದ ಅರ್ಜಿ ಅಲ್ಲಿ ನಿಲ್ಲುವುದಿಲ್ಲ.

ತನಿಖೆಗೆ ಕೊಟ್ಟದ್ದು 60 ದಿನ. ಒಂದೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ ಕಂಪನಿಗಳ ಅರ್ಜಿ ವಜಾ ಮಾಡಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆ ತಡೆಯಲು ಒಪ್ಪಲಿಲ್ಲ. ಕಂಪನಿಗಳು ಕಾಯ್ದೆ ಮುರಿದಿವೆ ಎಂಬ ತನಿಖಾ ವರದಿಯ ಸುದ್ದಿ ಬಂದದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟು ಮೊಬೈಲ್ ಅಂಗಡಿಗಳು ಬಾಗಿಲು ಹಾಕಿದವೋ!

ಆ ವರದಿಯ ಮೇಲೆ ಮಾರಾಟಗಾರರು ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್‌ಗೇ ಕಳಿಸಿತು. ನಮ್ಮಲ್ಲಿ ಯಾರಾದರೂ ಇಂಥ ಅರ್ಜಿ ಬರೆಯುವುದಾದರೆ ಇನ್ನೊಂದು ಗೊತ್ತಿರಲಿ: 2023ರ ತಿದ್ದುಪಡಿಯ ನಂತರ ತಕರಾರು ಹುಟ್ಟಿದ 3 ವರ್ಷದೊಳಗೆ ಆಯೋಗಕ್ಕೆ ಹೋಗಬೇಕು, ತಡವಾದರೆ ತಕ್ಕ ಕಾರಣ ಕೊಡಬೇಕು.