‘ಸೀ ಮೋರ್’ ಗೆರೆಯ ಮೇಲಿನ ಕನ್ನಡ: ಲಿಂಕ್ಡ್‌ಇನ್ ಪರಿಚಯದ ಮೊದಲ ಎರಡು ವಾಕ್ಯಗಳು

ಲಿಂಕ್ಡ್‌ಇನ್ ತಾಣದ ‘ಅಬೌಟ್’ ಭಾಗದಲ್ಲಿ 2,600 ಕ್ಯಾರೆಕ್ಟರ್‌ಗಳವರೆಗೆ ಬರೆದುಕೊಳ್ಳಬಹುದು. ಪುಟ ತೆರೆದ ಕೂಡಲೇ ಓದುಗನ ಕಣ್ಣಿಗೆ ಬೀಳುವುದು ಅದರ ಮೊದಲ ಕೆಲವು ಸಾಲುಗಳು ಮಾತ್ರ. ಉಳಿದದ್ದು ‘ಸೀ ಮೋರ್’ ಎಂಬ ಗುಂಡಿಯ ಹಿಂದೆ ಇರುತ್ತದೆ. ಆ ಗುಂಡಿ ಬೀಳುವ ಗೆರೆಯ ಮೇಲೆ ಏನಿರಬೇಕು ಎಂಬುದರ ಬಗ್ಗೆ ಉದ್ಯೋಗ ಸಲಹೆಗಾರರು ಇಂಗ್ಲಿಷಿನಲ್ಲಿ ಧಾರಾಳವಾಗಿ ಬರೆದಿದ್ದಾರೆ. ಆ ಸಲಹೆಗಳಲ್ಲಿ ಎರಡನ್ನು ಕನ್ನಡಕ್ಕೆ ಹಾಗೇ ಎತ್ತಿಕೊಂಡರೆ ಕೆಲಸ ಕೆಡುತ್ತದೆ ಎಂಬುದು ಈ ಲೇಖನದ ವಾದ. ಒಂದು, ಮೊದಲ ಇಂತಿಷ್ಟು ಕ್ಯಾರೆಕ್ಟರ್‌ಗಳಲ್ಲಿ ಮುಗಿಸಿ ಎನ್ನುವ ಲೆಕ್ಕ. ಇನ್ನೊಂದು, ವಿಷಯವನ್ನು ಬಚ್ಚಿಟ್ಟು ಕುತೂಹಲ ಕೆರಳಿಸಿ ಎನ್ನುವ ಸೂತ್ರ.

ಪರದೆಯ ಓದಿನ ಬಗ್ಗೆ ಒಪ್ಪಿತವಾಗಿರುವ ಸಂಗತಿಗಳನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಪರದೆಯ ಮೇಲೆ ಜನ ಪದಪದವಾಗಿ ಓದದೆ ಕಣ್ಣಾಡಿಸುತ್ತಾರೆ ಎಂದು ಯಾಕೋಬ್ ನೀಲ್ಸನ್ 1997ರಲ್ಲೇ ತೋರಿಸಿದ್ದರು. ಮೇಲಿನ ಸಾಲುಗಳ ಮೇಲೆ, ಅದರಲ್ಲೂ ಸಾಲಿನ ಮೊದಲ ಪದಗಳ ಮೇಲೆ ದೃಷ್ಟಿ ಹೆಚ್ಚು ನಿಲ್ಲುತ್ತದೆ ಎಂದು 2006ರಲ್ಲಿ ಅವರ ತಂಡ ನಡೆಸಿದ ಕಣ್ಣಿನ ಚಲನೆಯ ಅಧ್ಯಯನ ಹೇಳಿತು. ಸುದ್ದಿಮನೆಗಳಿಗೆ ಇದು ಅದಕ್ಕೂ ಹಳೆಯ ಪಾಠ. ಮುಖ್ಯ ಸಂಗತಿ ಮೊದಲ ಪ್ಯಾರಾದಲ್ಲೇ ಬರಬೇಕು, ಜಾಗ ಸಾಲದೆ ಉಪಸಂಪಾದಕ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಉಳಿಯಬೇಕು. ಇಷ್ಟರ ಬಗ್ಗೆ ಯಾರದೂ ತಕರಾರಿಲ್ಲ.

ಮೊದಲು ಲೆಕ್ಕದ ಮಾತು. ಗೆರೆಯ ಮೇಲೆ ಎಷ್ಟು ಕಾಣುತ್ತದೆ ಎಂಬುದಕ್ಕೆ ಒಬ್ಬರು 200 ಎಂದರೆ ಇನ್ನೊಬ್ಬರು 300 ಕ್ಯಾರೆಕ್ಟರ್ ಎನ್ನುತ್ತಾರೆ. ಈ ಭಿನ್ನತೆಗೆ ಕಾರಣ ಸರಳ: ಗೆರೆ ಬೀಳುವುದು ಸಾಲಿನ ಲೆಕ್ಕದಲ್ಲಿ. ಜಾಲಪುಟಗಳಲ್ಲಿ ಹೀಗೆ ಪಠ್ಯವನ್ನು ಮಡಚಲು `line-clamp` ಎಂಬ ಸಿಎಸ್ಎಸ್ ಆದೇಶ ಬಳಕೆಯಲ್ಲಿದೆ. ಅದಕ್ಕೆ ಕೊಡುವುದು ಸಾಲುಗಳ ಸಂಖ್ಯೆಯನ್ನು. ಒಂದು ಸಾಲಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು ಪರದೆಯ ಅಗಲ, ಫಾಂಟಿನ ಗಾತ್ರ ಮತ್ತು ಲಿಪಿಯನ್ನು ಅವಲಂಬಿಸಿದೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಐವತ್ತು ದಾಟಿದ ಮ್ಯಾನೇಜರಿಗೂ ಅಗಲವಾದ ಮಾನಿಟರಿನ ಮುಂದೆ ಕೂತ ಎಚ್.ಆರ್. ಹುಡುಗಿಗೂ ಗೆರೆ ಬೀಳುವುದು ಬೇರೆ ಬೇರೆ ಪದದ ಮೇಲೆ.

ಕನ್ನಡದಲ್ಲಿ ಈ ಲೆಕ್ಕ ಇನ್ನೂ ಸಡಿಲ. ಯೂನಿಕೋಡ್ ಎಣಿಸುವುದು ನಾವು ಅಕ್ಷರ ಎನ್ನುವುದನ್ನಲ್ಲ. ಮೂಲ ವ್ಯಂಜನ, ಸ್ವರಚಿಹ್ನೆ, ವಿರಾಮ ಎಲ್ಲವೂ ಅದಕ್ಕೆ ಬಿಡಿಬಿಡಿ ಅಂಶಗಳು. ‘ಶಾಸ್ತ್ರ’ ನಮಗೆ ಎರಡು ಅಕ್ಷರ, ಯಂತ್ರಕ್ಕೆ ಏಳು. ‘ಕಾರ್ಖಾನೆಗಳ ಗಾಳಿ ಕೊಳವೆಗಳಲ್ಲಿ ಸೋರಿಕೆ ಹುಡುಕುವುದು ನನ್ನ ಕೆಲಸ.’ ಎಂಬ ವಾಕ್ಯ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವ ಅಕ್ಷರಗಳು 26. ಖಾಲಿ ಜಾಗ, ಪೂರ್ಣವಿರಾಮ ಸೇರಿ ಯೂನಿಕೋಡ್ ಲೆಕ್ಕ 56. ಇದೇ ಪ್ರಮಾಣದಲ್ಲಿ 300 ಎಂದರೆ ಸುಮಾರು 140 ಅಕ್ಷರ. ಜೊತೆಗೆ ‘ಸ್ತ್ರ’ದಂಥ ಒತ್ತಕ್ಷರ ಐದು ಎಂದು ಎಣಿಸಿಕೊಂಡರೂ ಸಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಅಕ್ಷರದ ಅಗಲ ತಿನ್ನುತ್ತದೆ. ಹಾಗಾಗಿ ವರ್ಡ್ ಕಡತದಲ್ಲಿ ಕ್ಯಾರೆಕ್ಟರ್ ಎಣಿಸಿ ಗೆರೆಯನ್ನು ಊಹಿಸುವುದು ವ್ಯರ್ಥ. ಇಂತಿಷ್ಟನೆಯ ಕ್ಯಾರೆಕ್ಟರಿನಲ್ಲಿ ಗೆರೆ ಇದೆ ಎಂದುಕೊಳ್ಳುವ ಬದಲು, ಅತಿ ಕಿರಿದಾದ ಪರದೆಯಿಂದ ಅತಿ ಅಗಲದ ಪರದೆಯವರೆಗೆ ಗೆರೆ ಓಡಾಡುವ ಒಂದು ವಲಯವಿದೆ ಎಂದು ಒಪ್ಪಿಕೊಂಡು ಬರೆಯುವುದು ಮೇಲು.

ಇನ್ನು ಎರಡನೆಯ, ಹೆಚ್ಚು ವಿವಾದದ ಮಾತು. ಕುತೂಹಲ ಕೆರಳಿಸಿ ಎನ್ನುವವರ ಬೆನ್ನಿಗೆ, ಹೆಸರು ಹೇಳಲಿ ಬಿಡಲಿ, ಇರುವುದು ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಮಂಡಿಸಿದ ‘ಮಾಹಿತಿಯ ಕಂದರ’ದ ಸಿದ್ಧಾಂತ. ತನಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕೆನಿಸುವುದಕ್ಕೂ ನಡುವೆ ಬಿರುಕು ಕಂಡಾಗ ಕುತೂಹಲ ಹುಟ್ಟುತ್ತದೆ ಎಂಬುದು ಅದರ ತಿರುಳು. ಸಲಹೆಗಾರರು ಇದರಿಂದ ತೆಗೆದ ತೀರ್ಮಾನ: ಏನನ್ನೂ ಹೇಳಬೇಡಿ, ಬಿರುಕು ತಾನೇ ಹುಟ್ಟುತ್ತದೆ. ಲೋವೆನ್‌ಸ್ಟೀನರ ವಾದ ಇದಕ್ಕೆ ಒತ್ತಾಸೆ ಕೊಡುವುದಿಲ್ಲ. ಬಿರುಕು ಕಾಣಬೇಕಾದರೆ ಓದುಗನಿಗೆ ಮೊದಲು ನಿಲ್ಲಲು ಒಂದು ನೆಲೆ ಬೇಕು. ವಿಷಯದ ಬಗ್ಗೆ ಅಷ್ಟಿಷ್ಟು ತಿಳಿದವನಲ್ಲಿ ಕುತೂಹಲ ಹೆಚ್ಚುತ್ತದೆ, ಏನೂ ತಿಳಿಯದವನಲ್ಲಿ ಅಲ್ಲ. ಸಲಹೆಗಾರರು ಸಿದ್ಧಾಂತದ ಅರ್ಧವನ್ನಷ್ಟೇ ತೆಗೆದುಕೊಂಡಿದ್ದಾರೆ.

ಒಂದು ಪ್ರಸಂಗವನ್ನು ಇಟ್ಟುಕೊಂಡು ನೋಡೋಣ. ಉದಾಹರಣೆಗೆಂದು ಕಟ್ಟಿಕೊಂಡ ವ್ಯಕ್ತಿ ಪೀಣ್ಯದ ಮೆಂಟೆನೆನ್ಸ್ ಎಂಜಿನಿಯರ್. ಕಾರ್ಖಾನೆಗಳ ಕಂಪ್ರೆಸರ್ ವ್ಯವಸ್ಥೆಯಲ್ಲಿ ಗಾಳಿ ಸೋರಿಕೆ ಹಿಡಿಯುವುದು ಆತನ ಕಸುಬು. ಗಿರಾಕಿಗಳು ಸಣ್ಣ ಕೈಗಾರಿಕೆಗಳ ಮಾಲೀಕರು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಆರಂಭ ಹೀಗಿರುತ್ತದೆ:

‘ಉತ್ಪಾದನಾ ಕ್ಷೇತ್ರದಲ್ಲಿ ಹದಿನಾಲ್ಕು ವರ್ಷಗಳ ಸುದೀರ್ಘ ಅನುಭವ ಹೊಂದಿರುವ, ಪರಿಶ್ರಮ, ಪ್ರಾಮಾಣಿಕತೆ ಹಾಗೂ ತಂಡದೊಂದಿಗೆ ಬೆರೆತು ಕೆಲಸ ಮಾಡುವ ಮನೋಭಾವವನ್ನು ಮೈಗೂಡಿಸಿಕೊಂಡಿರುವ, ಸದಾ ಹೊಸತನ್ನು ಕಲಿಯುವ ಹಂಬಲವುಳ್ಳ ನಾನು…’

ಗೆರೆ ಇಲ್ಲೆಲ್ಲೋ ಬೀಳುತ್ತದೆ. ‘ನಾನು’ ಬರುವ ಹೊತ್ತಿಗೆ ಜಾಗ ಮುಗಿದಿದೆ, ಕ್ರಿಯಾಪದದ ಸುಳಿವೇ ಇಲ್ಲ. ಶಾಸನ ಓದಿದವರಿಗೆ ಈ ಕ್ರಮ ಪರಿಚಿತ: ಮೊದಲು ಸ್ವಸ್ತಿ, ಆಮೇಲೆ ಬಿರುದಾವಳಿ, ಕೊನೆಯ ಹೊತ್ತಿಗೆ ಯಾವ ಗದ್ದೆಯನ್ನು ಯಾರಿಗೆ ಬಿಟ್ಟರು ಎಂಬ ವಿವರ. ಆದರೆ ಶಾಸನದ ಕಲ್ಲಿನಲ್ಲಿ ದಾನದ ಸಾಲನ್ನು ಯಾರೂ ಮಡಚಿಟ್ಟಿರಲಿಲ್ಲ.

ಸಲಹೆಗಾರರ ಸೂತ್ರದಂತೆ ತಿದ್ದಿದರೆ ಹೀಗಾದೀತು: ‘ಅಂದು ನಾನು ಮಾಡಿದ ಒಂದು ಸಣ್ಣ ಕೆಲಸ ಇಡೀ ಕಾರ್ಖಾನೆಯ ಹಣೆಬರಹವನ್ನೇ ಬದಲಿಸಿತು. ಏನದು ಗೊತ್ತೇ?’ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಈತ ಬೆಸುಗೆಯವನೋ, ಲೆಕ್ಕಪತ್ರದವನೋ, ವಾಸ್ತು ಹೇಳುವವನೋ ಎಂಬುದೂ ಈ ಸಾಲುಗಳಿಂದ ತಿಳಿಯದು. ನೆಲೆಯಿಲ್ಲದ ಕಡೆ ಬಿರುಕು ಕಾಣುವುದಿಲ್ಲ. ಓದುಗ ಹೆಸರು, ಚಿತ್ರ, ಹೆಡ್‌ಲೈನ್ ನೋಡಿಯೇ ಇಲ್ಲಿಗೆ ಇಳಿದಿದ್ದಾನಲ್ಲ, ನೆಲೆ ಅಲ್ಲೇ ಸಿಕ್ಕಿತಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ, ಆದರೆ ಅರ್ಧ ಮಾತ್ರ. 220 ಕ್ಯಾರೆಕ್ಟರಿನ ಹೆಡ್‌ಲೈನ್ ಹುದ್ದೆಯನ್ನು ಹೇಳುತ್ತದೆ. ಆ ಹುದ್ದೆಯೊಳಗೆ ಈತ ನಿಜಕ್ಕೂ ಏನು ಮಾಡುತ್ತಾನೆ ಎಂಬುದನ್ನು ಹೇಳುವುದು ಅಪರೂಪ. ಓದುಗನ ಪ್ರಶ್ನೆ ಇರುವುದು ಅಲ್ಲೇ.

ನನ್ನ ಪ್ರಸ್ತಾಪ ಇದು. ಮೊದಲ ವಾಕ್ಯ ಚಿಕ್ಕದಾಗಿ, ಅತಿ ಕಿರಿದಾದ ಪರದೆಯಲ್ಲೂ ಕ್ರಿಯೆ ಸಮೇತ ಮುಗಿಯಬೇಕು. ಎರಡನೆಯ ವಾಕ್ಯ ಗೆರೆ ಓಡಾಡುವ ವಲಯವನ್ನೆಲ್ಲ ಆವರಿಸುವಷ್ಟು ಉದ್ದವಿದ್ದು, ಅದರ ಕ್ರಿಯಾಪದ ಆ ವಲಯದಾಚೆ ಬೀಳಬೇಕು:

‘ಕಾರ್ಖಾನೆಗಳ ಗಾಳಿ ಕೊಳವೆಗಳಲ್ಲಿ ಸೋರಿಕೆ ಹುಡುಕುವುದು ನನ್ನ ಕೆಲಸ. ಯಂತ್ರಗಳೆಲ್ಲ ನಿಂತ ಭಾನುವಾರ ಬೆಳಿಗ್ಗೆ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ, ಅದು ಎಷ್ಟು ಸೆಕೆಂಡು ಲೋಡಿನಲ್ಲಿ, ಎಷ್ಟು ಸೆಕೆಂಡು ಅನ್‌ಲೋಡಿನಲ್ಲಿ ಓಡುತ್ತದೆಂದು ಬರೆದುಕೊಂಡು, ಆ ಎರಡು ಅಂಕಿಗಳಿಂದಲೇ ಕಂಪ್ರೆಸರಿನ ಎಷ್ಟು ಪಾಲು ಗಾಳಿ ದುಡಿಯದೆ ಸೋರಿಹೋಗುತ್ತಿದೆಯೆಂದು ಮಾಲೀಕರಿಗೆ ಮಧ್ಯಾಹ್ನದೊಳಗೆ ಲೆಕ್ಕ ಕೊಡುತ್ತೇನೆ.’

ಇದು ಸುಮ್ಮನೆ ಹೊಸೆದ ಮಾತಲ್ಲ. ಯಾವ ಯಂತ್ರವೂ ಗಾಳಿ ಕೇಳದಿದ್ದಾಗಲೂ ಕಂಪ್ರೆಸರ್ ಲೋಡಾಗುತ್ತಿದ್ದರೆ ಅದು ತುಂಬುತ್ತಿರುವುದು ಸೋರಿಕೆಯನ್ನೇ. 2 ನಿಮಿಷ ಲೋಡು, 8 ನಿಮಿಷ ಅನ್‌ಲೋಡು ಎಂದಾದರೆ ಹತ್ತರಲ್ಲಿ ಎರಡು, ಎಂದರೆ ಶೇ. 20ರಷ್ಟು ಸಾಮರ್ಥ್ಯ ಸೋರಿಹೋಗುತ್ತಿದೆ ಎಂದರ್ಥ. ಕಸುಬಿನವರಿಗೆ ಇದು ಗೊತ್ತಿರುವ ಪರೀಕ್ಷೆ. ಆದರೆ ಪ್ರತಿ ತಿಂಗಳು ಕರೆಂಟು ಬಿಲ್ಲು ಕಟ್ಟುವ ಮಾಲೀಕ ‘ಭಾನುವಾರ ಬೆಳಿಗ್ಗೆ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ’ ಎಂಬಲ್ಲಿಗೆ ಬಂದಾಗ, ಮಾಡಿ ಏನು ಮಾಡುತ್ತಾನೆ ಎಂದು ಕೇಳಿಕೊಳ್ಳದೆ ಇರುವುದು ಕಷ್ಟ. ‘ಬರೆದುಕೊಂಡು’ ಎಂಬಲ್ಲಿ ಗೆರೆ ಬಿದ್ದರೂ ಪ್ರಶ್ನೆ ಅದೇ.

ನನ್ನ ವಾದದ ಮೊನೆ ಇಲ್ಲಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಕರ್ತೃವಿನ ಬೆನ್ನಿಗೇ ಬರುತ್ತದೆ. ವಾಕ್ಯವನ್ನು ನಡುವೆ ಕತ್ತರಿಸಿದರೆ ಹೋಗುವುದು ಬಹುಮಟ್ಟಿಗೆ ವಿವರ. ಮುಖ್ಯ ಕ್ರಿಯೆ ಆಗಲೇ ಕೈಸೇರಿರುತ್ತದೆ. ಕನ್ನಡದಲ್ಲಿ ವಿವರ ಮೊದಲು, ಕ್ರಿಯೆ ಕೊನೆಗೆ. ಇದೇ ಪದಕ್ರಮ ಬಿರುದಾವಳಿಯ ಆರಂಭವನ್ನು ಕೆಡಿಸಿತು. ಎರಡನೆಯ ವಾಕ್ಯದಲ್ಲಿ ಅದೇ ಪದಕ್ರಮ ನೆರವಿಗೆ ಬರುತ್ತದೆ. ನಾವು ಏನನ್ನೂ ಬಚ್ಚಿಡಬೇಕಾಗಿಲ್ಲ. ‘ಮಾಡಿ’, ‘ಬರೆದುಕೊಂಡು’ ಎಂಬ ಕೃದಂತಾವ್ಯಯಗಳು ತಾವಾಗಿಯೇ ಮುಂದಿನ ಕ್ರಿಯೆಯನ್ನು ಕೇಳುತ್ತವೆ. ಲೋವೆನ್‌ಸ್ಟೀನ್ ಹೇಳಿದ ಬಿರುಕನ್ನು ಕನ್ನಡದಲ್ಲಿ ವ್ಯಾಕರಣವೇ ತೆರೆದುಕೊಡಬಲ್ಲದು ಎನ್ನುವಷ್ಟು ದೂರ ನಾನು ಹೋಗಲು ಸಿದ್ಧ.

ಆದರೆ ಈ ಮಾತಿಗೆ ಹಲವು ಕಟ್ಟುಪಾಡುಗಳಿವೆ. ಕೃದಂತಗಳ ಸರಣಿ ಹುಟ್ಟಿಸುವ ನಿರೀಕ್ಷೆ ಅವುಗಳೊಳಗಿನ ಸಂಗತಿಯಿಂದ ಬರುವುದೇ ಹೊರತು ಬರಿಯ ರೂಪದಿಂದಲ್ಲ. ‘ಶ್ರಮವಹಿಸಿ, ಸಮಯಪಾಲಿಸಿ, ಗುಣಮಟ್ಟ ಕಾಯ್ದುಕೊಂಡು’ ಎಂದು ಬರೆದರೆ ಕ್ರಿಯಾಪದಕ್ಕೆ ಯಾರೂ ಕಾಯುವುದಿಲ್ಲ. ‘ಹೊಂದಿರುವ’, ‘ಉಳ್ಳ’ ಎಂಬ ವಿಶೇಷಣ ರೂಪಗಳಿಗೆ ಈ ಶಕ್ತಿ ಕಡಿಮೆ ಎಂದು ನನ್ನ ಅನಿಸಿಕೆ. ಅವು ಮುಂದಿನ ಕ್ರಿಯೆಯನ್ನಲ್ಲ, ಒಂದು ನಾಮಪದವನ್ನಷ್ಟೇ ಕೇಳುತ್ತವೆ. ಮೂರು ಕೃದಂತ ದಾಟಿದರೆ ವಾಕ್ಯ ಉಸಿರು ಕಟ್ಟಿಸುತ್ತದೆ. ಅಲ್ಲದೆ, ಈ ತಾಣದಲ್ಲಿ ಕನ್ನಡಿಗರಲ್ಲಿ ಬಹುಪಾಲು ಜನ ಬರೆದುಕೊಳ್ಳುವುದು ಇಂಗ್ಲಿಷಿನಲ್ಲಿ. ಅವರಿಗೆ ಮೊದಲ ವಾಕ್ಯದ ನಿಯಮ ಅನ್ವಯಿಸೀತು, ಎರಡನೆಯದು ಅನ್ವಯಿಸದು. ಕನ್ನಡದಲ್ಲೇ ಗಿರಾಕಿಯನ್ನು, ಓದುಗರನ್ನು, ಸಹೋದ್ಯೋಗಿಗಳನ್ನು ಹುಡುಕುವವರಿಗಷ್ಟೇ ಇದು ಪೂರ್ತಿ ಸಲ್ಲುತ್ತದೆ.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಬರೆದದ್ದನ್ನು ಉಳಿಸಿ, ಮೊಬೈಲಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿ ಒಮ್ಮೆ, ಕಂಪ್ಯೂಟರಿನಲ್ಲಿ ಪೂರ್ತಿ ಅಗಲಕ್ಕೆ ಒಮ್ಮೆ ನೋಡಬೇಕು. ಮೊದಲನೆಯದರಲ್ಲಿ ಮೊದಲ ವಾಕ್ಯದ ಪೂರ್ಣವಿರಾಮ ಕಾಣದಿದ್ದರೆ ಆ ವಾಕ್ಯ ಉದ್ದವಾಯಿತು. ಎರಡನೆಯದರಲ್ಲಿ ‘ಕೊಡುತ್ತೇನೆ’ ಕಂಡುಬಿಟ್ಟರೆ ಎರಡನೆಯ ವಾಕ್ಯ ಗಿಡ್ಡವಾಯಿತು. ಎರಡು ವಾಕ್ಯಗಳ ನಡುವೆ ಎಂಟರ್ ಒತ್ತಿ ಖಾಲಿ ಸಾಲು ಬಿಡುವ ಅಭ್ಯಾಸ ಹಲವರಿಗಿದೆ. ಕಾಣುವ ಮೂರ್ನಾಲ್ಕು ಸಾಲುಗಳಲ್ಲಿ ಒಂದನ್ನು ಆ ಖಾಲಿ ಸಾಲೇ ತಿಂದುಹಾಕುತ್ತದೆ. ಗೆರೆ ನೆನೆಸಿದ್ದಕ್ಕಿಂತ ಮೊದಲೇ ಬಿದ್ದಿದೆ ಅನಿಸಿದರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಉಳಿದಿರುವ ಪ್ರಶ್ನೆ ದೊಡ್ಡದೇ. ಪ್ರೊಫೈಲನ್ನು ಎಷ್ಟು ಜನ ನೋಡಿದರು ಎಂಬುದನ್ನು ತಾಣ ಬರೆದವನಿಗೆ ತೋರಿಸುತ್ತದೆ. ಅವರಲ್ಲಿ ಎಷ್ಟು ಜನ ‘ಸೀ ಮೋರ್’ ಒತ್ತಿದರು ಎಂಬುದನ್ನು ತೋರಿಸುವುದಿಲ್ಲ. ಹಾಗಾಗಿ ಇಲ್ಲಿನ ವಾದಕ್ಕೆ ಸದ್ಯ ವಾಕ್ಯರಚನೆಯ ವಿಶ್ಲೇಷಣೆಯ ಆಧಾರವಿದೆಯೇ ಹೊರತು ಓದುಗರ ವರ್ತನೆಯ ಆಧಾರವಿಲ್ಲ. ಒಂದೇ ಸಂಗತಿಯನ್ನು ಕೃದಂತದಲ್ಲಿ ಕತ್ತರಿಸಿದ ಪಾಠ, ವಿಶೇಷಣದಲ್ಲಿ ಕತ್ತರಿಸಿದ ಪಾಠ, ಪೂರ್ಣವಿರಾಮದಲ್ಲಿ ಕತ್ತರಿಸಿದ ಪಾಠ ಎಂದು ಮೂರು ಬಗೆಯಾಗಿ ಕನ್ನಡ ಓದುಗರ ಮುಂದಿಟ್ಟು, ಯಾವುದನ್ನು ಅವರು ತೆರೆದು ಓದುತ್ತಾರೆ ಎಂದು ನೋಡಿದರೆ ಈ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ. ಭಾಷಾವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.